ಮುಖವಿಲ್ಲದ ಟ್ವೀಡ್, ಚೀಟಿಯಾಗಿ ಬಂದ ಬ್ರೌನ್

1876ರ ಸೆಪ್ಟೆಂಬರಿನಲ್ಲಿ ಕ್ಯೂಬಾ ಕಡೆಯಿಂದ ಹೊರಟ ಹಡಗೊಂದು ಸ್ಪೇನಿನ ವೀಗೊ ಬಂದರಿಗೆ ಬಂದಾಗ, ಅದರಿಂದ ಇಳಿಯಬೇಕಿದ್ದ ಅಮೆರಿಕದ ಪ್ರಯಾಣಿಕನೊಬ್ಬನನ್ನು ಅಲ್ಲಿನ ಅಧಿಕಾರಿಗಳು ಹಿಡಿದರು. ಅವನು ಹೇಳಿಕೊಂಡಿದ್ದ ಹೆಸರು ಬೇರೆ. ನಿಜದಲ್ಲಿ ಅವನು ವಿಲಿಯಂ ಟ್ವೀಡ್. ಕೆಲವೇ ವರ್ಷಗಳ ಹಿಂದೆ ನ್ಯೂಯಾರ್ಕ್ ನಗರದ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದವನು, ಆ ನಗರದ ಖಜಾನೆಯನ್ನು ದೋಚಿದ ಗುಂಪಿನ ಯಜಮಾನ. ಜೈಲಿನಲ್ಲಿದ್ದವನನ್ನು ಕಾವಲಿನೊಡನೆ ಮನೆಗೆ ಹೋಗಿಬರಲು ಬಿಟ್ಟಿದ್ದಾಗ, 1875ರ ಡಿಸೆಂಬರ್ 4ರಂದು ಅಲ್ಲಿಂದಲೇ ಪರಾರಿಯಾಗಿದ್ದ.

ಅವನನ್ನು ಗುರುತು ಹಿಡಿಯಲು ಸ್ಪೇನಿನವರ ಬಳಿ ಇದ್ದದ್ದು ಫೋಟೋ ಅಲ್ಲ, ವ್ಯಂಗ್ಯಚಿತ್ರ. ಅಮೆರಿಕದ ‘ಹಾರ್ಪರ್ಸ್ ವೀಕ್ಲಿ’ ಪತ್ರಿಕೆಯ 1876ರ ಜುಲೈ 1ರ ಸಂಚಿಕೆಯಲ್ಲಿ ಥಾಮಸ್ ನಾಸ್ಟ್ ಬರೆದಿದ್ದ ಚಿತ್ರ ಅದು. ಅದರಲ್ಲಿ ಕೈದಿಗಳ ಪಟ್ಟೆಪಟ್ಟೆ ಉಡುಪು ತೊಟ್ಟ ಭಾರೀ ಗಾತ್ರದ ಟ್ವೀಡ್ ಕೈಯಲ್ಲಿ ದೊಣ್ಣೆ ಹಿಡಿದು, ಇಬ್ಬರು ಪುಟ್ಟ ಹುಡುಗರ ಕೊರಳಪಟ್ಟಿಗೆ ಕೈ ಹಾಕಿ ನಿಂತಿದ್ದಾನೆ. ಸ್ಪೇನಿನವರು ಆ ಮುಖವನ್ನೂ ಆ ಮೈಯನ್ನೂ ಸರಿಯಾಗಿಯೇ ಗುರುತಿಸಿದರು. ಆದರೆ ಇಂಗ್ಲಿಷ್ ಬಾರದ ಕಾರಣ ಚಿತ್ರದೊಳಗಿನ ಬರಹವನ್ನು ಓದಲಿಲ್ಲ. ಹಾಗಾಗಿ ತಮ್ಮ ಕೈಗೆ ಸಿಕ್ಕವನು ಮಕ್ಕಳನ್ನು ಅಪಹರಿಸುವ ಕಳ್ಳ ಎಂದು ತಿಳಿದರು ಎಂಬುದು ಆಗಿನಿಂದ ಚಾಲ್ತಿಯಲ್ಲಿರುವ ಕಥೆ. ಆಳು ಸರಿ, ಅಪರಾಧ ತಪ್ಪು!

ಚಿತ್ರದಲ್ಲಿ ನಾಸ್ಟ್ ಹೇಳಹೊರಟಿದ್ದೇ ಬೇರೆ. ಆ ವರ್ಷ ನ್ಯೂಯಾರ್ಕಿನ ಗವರ್ನರ್ ಸ್ಯಾಮ್ಯುಯೆಲ್ ಟಿಲ್ಡನ್, ಭ್ರಷ್ಟರನ್ನು ಹಿಡಿದು ಹಾಕಿದ ಸುಧಾರಕ ಎಂಬ ಹೆಸರಿನ ಮೇಲೆ ಅಧ್ಯಕ್ಷ ಪದವಿಗೆ ನಿಂತಿದ್ದರು. ಜನಕ್ಕೆ ಬೇಕಿರುವುದು ಯಾರನ್ನಾದರೂ ಹಿಡಿಯುವುದಷ್ಟೇ ಆದರೆ ಅದನ್ನು ನಾನೂ ಮಾಡಬಲ್ಲೆ, ಆಮೇಲೆ ಟಿಲ್ಡನ್ ಶ್ವೇತಭವನಕ್ಕೆ ಹೋಗಲಿ, ನಾನು ಗವರ್ನರ್ ಆಗುತ್ತೇನೆ ಎಂದು ಚಿತ್ರದ ಟ್ವೀಡ್ ಹೇಳುತ್ತಾನೆ. ಹುಡುಗರು ಚಿಲ್ಲರೆ ಕಳ್ಳರು. ದೊಡ್ಡ ಕಳ್ಳ ಪೊಲೀಸನಾಗಿ ಚಿಕ್ಕ ಕಳ್ಳರನ್ನು ಹಿಡಿದಿದ್ದಾನೆ ಎನ್ನುವುದೇ ಇಲ್ಲಿನ ಕುಟುಕು. ಅದು ಅಕ್ಷರಗಳಲ್ಲಿತ್ತು, ಗೆರೆಗಳಲ್ಲಿ ಇರಲಿಲ್ಲ.

ಹಳೆಯ ಪತ್ರಿಕೆಯ ಕಟ್ಟಿನಲ್ಲೋ, ಅಜ್ಜನ ಪೆಟ್ಟಿಗೆಯ ತಳದಲ್ಲೋ ಸಿಕ್ಕ ವ್ಯಂಗ್ಯಚಿತ್ರದಲ್ಲಿರುವವರು ಯಾರು ಎಂದು ಕಂಡುಹಿಡಿಯಹೊರಟವರಿಗೆ ನಾಸ್ಟ್‌ಗಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. ಜರ್ಮನಿಯ ಲಾಂಡೌನಲ್ಲಿ 1840ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಈತ ಒಬ್ಬನೇ ವ್ಯಕ್ತಿಯನ್ನು ಮತ್ತೆಮತ್ತೆ ಬರೆದ. ಒಮ್ಮೆ ಮುಖದಿಂದ, ಒಮ್ಮೆ ಕೈಲಿರುವ ವಸ್ತುವಿನಿಂದ, ಇನ್ನೊಮ್ಮೆ ಬರೀ ಬರಹದಿಂದ ಓದುಗರಿಗೆ ಗುರುತು ಸಿಗುವಂತೆ ಮಾಡಿದ. ಮೂರರಲ್ಲಿ ಯಾವುದನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎನ್ನುವುದು ಅವನ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ತಿಳಿಯುತ್ತದೆ.

ಮೊದಲು ಮುಖ ಮತ್ತು ಮೈ. ಟ್ವೀಡ್ ನಿಜಕ್ಕೂ ದೊಡ್ಡ ಆಳು, ಸುಮಾರು ಮುನ್ನೂರು ಪೌಂಡ್ ತೂಗುತ್ತಿದ್ದ ಎನ್ನುತ್ತಾರೆ. ತಲೆಯ ಮುಂಭಾಗ ಬೋಳು, ಗಡ್ಡ ಉಂಟು, ಮೂಗು ಎದ್ದು ಕಾಣುವಂಥದು. ನಾಸ್ಟ್ ಹೊಟ್ಟೆಯನ್ನು ಇನ್ನಷ್ಟು ಉಬ್ಬಿಸಿದ, ಮೂಗನ್ನು ಚೂಪಾಗಿಸಿದ, ಕಣ್ಣುಗಳನ್ನು ಕುಗ್ಗಿಸಿದ. ಇದನ್ನು ಸುಮ್ಮನೆ ‘ದೊಡ್ಡದು ಮಾಡುವುದು’ ಎಂದರೆ ಅರ್ಧ ಮಾತ್ರ ಹೇಳಿದಂತೆ. ಎಲ್ಲರಿಗೂ ಇರುವುದನ್ನು ದೊಡ್ಡದು ಮಾಡಿದರೆ ಯಾರ ಗುರುತೂ ಸಿಗುವುದಿಲ್ಲ. ಈ ಮನುಷ್ಯ ಉಳಿದವರಿಗಿಂತ ಎಲ್ಲಿ ಬೇರೆಯೋ ಅಲ್ಲಿ ಮಾತ್ರ ಆ ಬೇರೆತನವನ್ನು ಹೆಚ್ಚಿಸಬೇಕು. ಮೂಗು ಸಾಧಾರಣವಾಗಿದ್ದು ಗಲ್ಲ ಚಿಕ್ಕದಿದ್ದರೆ, ಮೂಗನ್ನು ಹಾಗೇ ಬಿಟ್ಟು ಗಲ್ಲವನ್ನು ಇನ್ನೂ ಚಿಕ್ಕದು ಮಾಡಬೇಕು.

ಇದನ್ನು ಪ್ರಯೋಗದಿಂದಲೂ ನೋಡಿದ್ದಾರೆ. 1980ರ ದಶಕದಲ್ಲಿ ಸೂಸನ್ ಬ್ರೆನನ್ ಎಂಬಾಕೆ ಒಂದು ಕಂಪ್ಯೂಟರ್ ಪ್ರೋಗ್ರಾಂ ರಚಿಸಿದರು. ಅದು ಒಂದು ಮುಖದ ರೇಖೆಗಳನ್ನು ಸರಾಸರಿ ಮುಖದ ರೇಖೆಗಳೊಂದಿಗೆ ಹೋಲಿಸಿ, ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಅಲ್ಲೆಲ್ಲ ಅದನ್ನು ಬೇಕಾದಷ್ಟು ಹಿಗ್ಗಿಸುತ್ತಿತ್ತು. 1987ರಲ್ಲಿ ಗಿಲಿಯನ್ ರೋಡ್ಸ್, ಬ್ರೆನನ್ ಮತ್ತು ಸೂಸನ್ ಕೇರಿ ಅದೇ ವಿಧಾನದಿಂದ ಪರಿಚಿತರ ರೇಖಾಚಿತ್ರಗಳನ್ನು ತಯಾರಿಸಿ ಜನರಿಗೆ ತೋರಿಸಿದರು. ಇದ್ದದ್ದನ್ನು ಇದ್ದಂತೆ ಬರೆದ ಚಿತ್ರಕ್ಕಿಂತ ಉತ್ಪ್ರೇಕ್ಷೆಯ ಚಿತ್ರವನ್ನು ಅವರು ಬೇಗ ಗುರುತಿಸಿದರು. ವ್ಯತ್ಯಾಸಗಳನ್ನು ತಗ್ಗಿಸಿ ಬರೆದ ಮುಖಗಳನ್ನು ಗುರುತಿಸಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಈ ಪ್ರಯೋಗದಲ್ಲಿ ಒಂದು ಷರತ್ತಿತ್ತು: ಮುಖ ನೋಡುಗರಿಗೆ ಮೊದಲೇ ಪರಿಚಯವಿರಬೇಕು. ಪರಿಚಯವೇ ಇಲ್ಲದ ಮುಖವನ್ನು ನೂರೈವತ್ತು ವರ್ಷದ ಹಿಂದಿನ ಚಿತ್ರದಿಂದ ಪತ್ತೆ ಹಚ್ಚುವವರು ದಾರಿಯನ್ನು ತಿರುವುಮುರುವಾಗಿ ನಡೆಯಬೇಕು, ಉತ್ಪ್ರೇಕ್ಷೆಯಿಂದ ನಿಜವಾದ ಮುಖಕ್ಕೆ ಹಿಂದಿರುಗಬೇಕು. ಅದಕ್ಕೆ ಚಿತ್ರದೊಳಗೇ ಒಂದು ಅಳತೆಗೋಲು ಸಿಗುತ್ತದೆ. ಪ್ರತಿ ವ್ಯಂಗ್ಯಚಿತ್ರಕಾರನಿಗೂ ಕೈಗೆ ಕೂತ ಒಂದು ಸಾಮಾನ್ಯ ಮುಖವಿರುತ್ತದೆ. ಗುಂಪಿನಲ್ಲಿ ನಿಂತ ಹೆಸರಿಲ್ಲದ ಜನ, ಬಾಗಿಲ ಬಳಿಯ ಸೇವಕ, ದೂರದ ಪೊಲೀಸ್ ಇವರಿಗೆಲ್ಲ ಅದೇ ಮುಖ. ಅದನ್ನು ಮೊದಲು ನೋಡಿಟ್ಟುಕೊಂಡು, ನಡುವಿನ ವ್ಯಕ್ತಿ ಅದಕ್ಕಿಂತ ಎಲ್ಲಿ ಬೇರೆಯಾಗಿದ್ದಾನೆ ಎಂದು ಕೇಳಬೇಕು. ಎಲ್ಲರ ಮೂಗೂ ಉದ್ದವಿದ್ದರೆ ಅದು ಚಿತ್ರಕಾರನ ಶೈಲಿ. ಒಬ್ಬನದೇ ಉದ್ದವಿದ್ದರೆ ಅದು ಸುಳಿವು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಶೈಲಿಯನ್ನು ಸುಳಿವೆಂದು ತಿಳಿದು, ಆ ಕಾಲದ ಉದ್ದ ಮೂಗಿನವರನ್ನೆಲ್ಲ ಹುಡುಕುತ್ತ ಕೂರುತ್ತಾರೆ.

ಇನ್ನು ವಸ್ತುಗಳ ಸರದಿ. ಟ್ವೀಡ್ ತನ್ನ ಅಂಗಿಯ ಎದೆಯ ಮೇಲೆ ಒಂದು ದೊಡ್ಡ ವಜ್ರದ ಪಿನ್ ಧರಿಸುತ್ತಿದ್ದ. ನಾಸ್ಟ್ ಅದನ್ನು ದೀಪದಂತೆ ಕಿರಣ ಹೊಮ್ಮಿಸುವಷ್ಟು ದೊಡ್ಡದಾಗಿ ಬರೆಯತೊಡಗಿದ. ವಾರವಾರವೂ ಹೊಟ್ಟೆ ಮತ್ತು ವಜ್ರವನ್ನು ಒಟ್ಟಿಗೆ ನೋಡಿ ಓದುಗರ ಕಣ್ಣು ಪಳಗಿತು. ಆಮೇಲೆ, 1871ರ ಅಕ್ಟೋಬರ್ 21ರ ಸಂಚಿಕೆಯಲ್ಲಿ, ನಾಸ್ಟ್ ಮುಖವನ್ನೇ ತೆಗೆದುಬಿಟ್ಟ. ಕೋಟು ತೊಟ್ಟ ದಪ್ಪ ಮೈ, ಜೇಬಿನಲ್ಲಿ ಕೈ, ಎದೆಯ ಮೇಲೆ ವಜ್ರ. ಕತ್ತಿನ ಮೇಲೆ ತಲೆಯ ಜಾಗದಲ್ಲಿ ಒಂದು ಹಣದ ಚೀಲ. ಚೀಲದ ಮೇಲಿನ ಡಾಲರ್ ಗುರುತೇ ಕಣ್ಣು, ಮೂಗು, ಬಾಯಿ. ನ್ಯೂಯಾರ್ಕಿನಲ್ಲಿ ಅದು ಯಾರೆಂದು ಯಾರೂ ಕೇಳಬೇಕಾಗಲಿಲ್ಲ.

ಈ ಚಿತ್ರದ ಅಡಿಬರಹದಲ್ಲೇ ಇಂದಿನ ಓದುಗರಿಗೆ ಒಂದು ಗುಂಡಿ ಕಾದಿದೆ. ರಾಚೆಸ್ಟರ್ ನಗರದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಟ್ಯಾಮನಿ ಬಣಕ್ಕೆ ಗೆಲುವು ತಂದ ‘ಮೆದುಳು’ ಇದು ಎನ್ನುತ್ತದೆ ಆ ಬರಹ. ಟ್ವೀಡ್ ಗುಂಪಿನಲ್ಲಿ ‘ಮೆದುಳು’ ಎಂಬ ಅಡ್ಡಹೆಸರಿದ್ದದ್ದು ಟ್ವೀಡ್‌ಗಲ್ಲ, ಅವನ ಸಂಗಡಿಗ ಪೀಟರ್ ಸ್ವೀನಿಗೆ! ಆ ಕಾಲದ ಅಡ್ಡಹೆಸರುಗಳನ್ನು ಪುಸ್ತಕದಿಂದ ಕಲಿತು ಬಂದ ಜಾಣನೊಬ್ಬ ಅಡಿಬರಹವನ್ನಷ್ಟೇ ಓದಿದರೆ ಇದು ಸ್ವೀನಿಯ ಚಿತ್ರ ಎಂದು ಬರೆದುಬಿಡಬಹುದು. ಸ್ವೀನಿಗೆ ದಟ್ಟ ಕಪ್ಪು ಕೂದಲು, ಮೀಸೆ. ಚೀಲದ ತಲೆಗೆ ಇವೆರಡೂ ಇಲ್ಲವಾದ್ದರಿಂದ ಅಲ್ಲಿ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ತೀರ್ಪು ಕೊಡುವುದು ಹೊಟ್ಟೆ ಮತ್ತು ವಜ್ರ. ಅವೆರಡನ್ನೂ ಟ್ವೀಡ್‌ನ ಹೆಸರಿರುವ ಬೇರೆ ಚಿತ್ರಗಳಲ್ಲಿ ನೋಡಬಹುದು. ಹೀಗೆ ಹೆಸರು ಖಚಿತವಾಗಿರುವ ಚಿತ್ರವೊಂದನ್ನು ಅದೇ ಚಿತ್ರಕಾರನ ಕೈಯಿಂದ ಹುಡುಕಿ ಪಕ್ಕದಲ್ಲಿಟ್ಟು ನೋಡುವುದು ಫೋಟೋ ಹುಡುಕುವುದಕ್ಕಿಂತ ಎಷ್ಟೋ ಉಪಯುಕ್ತ. ಏಕೆಂದರೆ ಫೋಟೋದಲ್ಲಿ ಟ್ವೀಡ್‌ನ ವಜ್ರ ಒಂದು ಚುಕ್ಕೆ. ನಾಸ್ಟ್‌ನ ಲೋಕದಲ್ಲಿ ಅದೇ ಅವನ ಮುಖ.

ಗುಂಪಿನ ಚಿತ್ರಗಳಲ್ಲಿ ಕೆಲಸ ಇನ್ನೂ ಕಷ್ಟ. 1871ರ ಆಗಸ್ಟ್ 19ರ ಪ್ರಸಿದ್ಧ ಚಿತ್ರದಲ್ಲಿ ಒಂದಷ್ಟು ಗಂಡಸರು ವೃತ್ತಾಕಾರದಲ್ಲಿ ನಿಂತಿದ್ದಾರೆ. ಜನರ ಹಣ ಕದ್ದವರು ಯಾರು ಎಂಬ ಪ್ರಶ್ನೆಗೆ ಪ್ರತಿಯೊಬ್ಬನೂ ‘ಇವನು’ ಎಂದು ಪಕ್ಕದವನತ್ತ ಕೈ ತೋರಿಸುತ್ತಾನೆ. ಆ ಬೇಸಿಗೆಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ನಗರದ ಲೆಕ್ಕಪತ್ರಗಳನ್ನು ಬಯಲಿಗೆ ಹಾಕಿತ್ತು. ಹೊಸ ನ್ಯಾಯಾಲಯದ ಕಟ್ಟಡದ ಹೆಸರಿನಲ್ಲಿ ಗಾರೆ ಕೆಲಸ, ಕುರ್ಚಿ, ರತ್ನಗಂಬಳಿಗಳಿಗೆ ಊಹಿಸಲಾಗದಷ್ಟು ಬಿಲ್ಲುಗಳಾಗಿದ್ದವು. ಚಿತ್ರದ ಮುಂಭಾಗದಲ್ಲಿ ದೊಡ್ಡದಾಗಿ ಕಾಣುವ ನಾಲ್ವರಿಗೆ ಹೆಸರು ಬೇಕಿಲ್ಲ: ಹೊಟ್ಟೆಯ ಟ್ವೀಡ್, ಕಪ್ಪು ಕೂದಲಿನ ಸ್ವೀನಿ, ನಗರದ ಲೆಕ್ಕ ನೋಡುತ್ತಿದ್ದ ಕಾನಲಿ, ಮತ್ತು ಮೂಗಿನ ಮೇಲೆ ಕನ್ನಡಕ ಸಿಕ್ಕಿಸಿಕೊಂಡ ಮೇಯರ್ ಓಕಿ ಹಾಲ್. ಹಿಂದಿನ ಸಾಲಿನವರು ಗುತ್ತಿಗೆದಾರರು. ಅವರ ಮುಖ ಯಾವ ಓದುಗನಿಗೂ ಗೊತ್ತಿರಲಿಲ್ಲ. ಹಾಗಾಗಿ ನಾಸ್ಟ್ ಅವರ ಬಟ್ಟೆಬರೆಗಳ ಮೇಲೆಯೇ ಬರೆದ, ಕೆಲವರಿಗೆ ಹೆಸರು, ಕೆಲವರಿಗೆ ಬರೀ ಕಸುಬು.

ಮೈಮೇಲೆ ಬರೆದ ಅಕ್ಷರಕ್ಕೂ ಚಿತ್ರದ ಕೆಳಗಿನ ಅಡಿಬರಹಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಮೈಮೇಲಿನ ಬರಹ ಚಿತ್ರಕಾರನದು. ‘ಇವನು ಯಾರೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ, ನಾನೇ ಹೇಳುತ್ತೇನೆ’ ಎಂಬ ಅವನ ಒಪ್ಪಿಗೆ ಅದು. ಅಡಿಬರಹ ಹಾಗಲ್ಲ. ಅದರ ಕೆಲಸ ಬಹುಮಟ್ಟಿಗೆ ಚುಚ್ಚುವುದು, ಪರಿಚಯಿಸುವುದಲ್ಲ. ಕೆಲವೊಮ್ಮೆ ಅದನ್ನು ಬರೆದವರು ಸಂಪಾದಕರಿರಬಹುದು, ಚಿತ್ರ ಮರುಮುದ್ರಣವಾದಾಗ ಬೇರೆಯವರು ಬದಲಿಸಿರಬಹುದು. ಎರಡೂ ಒಂದಕ್ಕೊಂದು ವಿರುದ್ಧ ಮಾತಾಡಿದರೆ ಮೈಮೇಲಿನ ಬರಹದ ಕಡೆ ನಿಲ್ಲುವುದು ಕ್ಷೇಮ.

ಮುಂದಿನದು ಹುಲಿ. 1871ರ ನವೆಂಬರ್ 11ರ ಸಂಚಿಕೆಯ ನಡುಪುಟಗಳಲ್ಲಿ ಒಂದು ರೋಮನ್ ರಂಗಸ್ಥಳ. ಅಲ್ಲಿ ಬಾಯ್ತೆರೆದ ಹುಲಿಯೊಂದು ನೆಲಕ್ಕೆ ಬಿದ್ದ ಹೆಂಗಸಿನ ಮೇಲೆ ಕಾಲೂರಿದೆ. ಮೇಲೆ ಗ್ಯಾಲರಿಯಲ್ಲಿ ಚಕ್ರವರ್ತಿಯಂತೆ ಕೂತ ದಪ್ಪ ಮನುಷ್ಯ ನೋಡುತ್ತಿದ್ದಾನೆ. ಈ ಮೂರು ಆಕೃತಿಗಳು ಮೂರು ಬೇರೆ ಜಾತಿಯವು. ಚಕ್ರವರ್ತಿ ಒಬ್ಬ ವ್ಯಕ್ತಿ, ಟ್ವೀಡ್. ಹೆಂಗಸು ಕೊಲಂಬಿಯಾ, ಅಂದರೆ ದೇಶ. ಆಕೆ ಯಾರ ಹೆಂಡತಿಯೂ ಅಲ್ಲ, ಯಾವ ನಟಿಯೂ ಅಲ್ಲ. ಹುಲಿ ಟ್ಯಾಮನಿ ಎಂಬ ರಾಜಕೀಯ ಸಂಘಟನೆ. ಟ್ವೀಡ್ ತರುಣನಾಗಿದ್ದಾಗ ‘ಅಮೆರಿಕಸ್’ ಎಂಬ ಬೆಂಕಿ ಆರಿಸುವ ತಂಡದ ಮುಂದಾಳಾಗಿದ್ದ. ಆ ತಂಡದ ಗಾಡಿಯ ಮೇಲೆ ಹುಲಿಯ ಮುಖವಿತ್ತು. ನಾಸ್ಟ್ ಅದನ್ನು ಅಲ್ಲಿಂದ ಎತ್ತಿಕೊಂಡು ಇಡೀ ಬಣಕ್ಕೆ ಅಂಟಿಸಿದ. ಟ್ವೀಡ್ 1878ರಲ್ಲಿ ಜೈಲಿನಲ್ಲೇ ಸತ್ತ ಮೇಲೂ ಹುಲಿ ಉಳಿಯಿತು. ಆಮೇಲಿನ ದಶಕಗಳ ಅಮೆರಿಕದ ಚಿತ್ರಗಳಲ್ಲಿ ಹುಲಿ ಕಂಡರೆ ಅದರ ಯಜಮಾನ ಟ್ವೀಡ್ ಎನ್ನುವಂತಿಲ್ಲ, ಆ ಹೊತ್ತಿಗೆ ಟ್ಯಾಮನಿಯನ್ನು ಯಾರು ನಡೆಸುತ್ತಿದ್ದರೋ ಅವರು.

ಅದೇ ಚಿತ್ರದಲ್ಲಿ ತಾರೀಖಿನ ಬಗ್ಗೆಯೂ ಒಂದು ಎಚ್ಚರಿಕೆ ಇದೆ. ನ್ಯೂಯಾರ್ಕಿನಲ್ಲಿ ಮತದಾನ ನಡೆದದ್ದು ನವೆಂಬರ್ 7ರಂದು. ಸಂಚಿಕೆಯ ಮೇಲಿರುವುದು 11. ಹಾಗಾದರೆ ಇದು ಫಲಿತಾಂಶದ ನಂತರದ ಚಿತ್ರ, ಹುಲಿ ಗೆದ್ದಿತು ಎಂದು ಹೇಳುತ್ತಿದೆ ಎಂದು ತರ್ಕಿಸಿದರೆ ಪೂರ್ತಿ ತಲೆಕೆಳಗಾಗುತ್ತದೆ. ವಾರಪತ್ರಿಕೆಗಳು ಮುಂದಿನ ತಾರೀಖು ಹಾಕಿಕೊಂಡು ಮೊದಲೇ ಮಾರಾಟಕ್ಕೆ ಬರುತ್ತಿದ್ದವು. ಈ ಚಿತ್ರ ಮತದಾನಕ್ಕೆ ಮುಂಚೆಯೇ ಓದುಗರ ಕೈಯಲ್ಲಿತ್ತು, ನೀವು ಇದಕ್ಕೇನು ಮಾಡುತ್ತೀರಿ ಎಂದು ಮತದಾರರನ್ನೇ ಕೆಣಕುತ್ತಿತ್ತು. ಚುನಾವಣೆಯಲ್ಲಿ ಟ್ಯಾಮನಿಯ ಬಹಳಷ್ಟು ಅಭ್ಯರ್ಥಿಗಳು ಸೋತರು. ಆದ್ದರಿಂದ ಮುಖಪುಟದ ತಾರೀಖನ್ನು ಸುದ್ದಿಯೊಂದಿಗೆ ಹೊಂದಿಸುವಾಗ ಅದಕ್ಕಿಂತ ಒಂದೆರಡು ವಾರ ಹಿಂದಿನ ಸುದ್ದಿಗಳನ್ನು ಮೊದಲು ನೋಡಬೇಕು.

ವ್ಯಕ್ತಿಯಲ್ಲದ ಆಕೃತಿಗೆ ಹೆಸರು ಹುಡುಕುವ ಕಷ್ಟ ನಮ್ಮಲ್ಲೂ ಬರುವಂಥದೇ. ಮೈಸೂರಿನವರಾದ, ರಾಶಿಯವರ ‘ಕೊರವಂಜಿ’ಗೂ ಚಿತ್ರ ಬರೆದಿದ್ದ ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನೇ ನೋಡಿ. ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕ, ಮೀಸೆ, ಬೋಳುತಲೆಯ ಅಂಚಿನಲ್ಲಿ ನಾಲ್ಕು ಕೂದಲು. ಇಷ್ಟು ಖಚಿತವಾದ ಚಹರೆ ಇರುವಾಗ ಇವರು ಯಾವುದೋ ಕಾಲದ ಮಂತ್ರಿ ಇರಬೇಕು ಎಂದು ಪರದೇಶದ ಸಂಶೋಧಕನೊಬ್ಬ ಅಂದುಕೊಂಡರೆ ತಪ್ಪೇನೂ ಇಲ್ಲ. ಅದನ್ನು ತಪ್ಪಿಸುವ ಉಪಾಯ ಸರಳ: ಬೇರೆ ವರ್ಷಗಳ ಸಂಚಿಕೆ ತೆಗೆದು ನೋಡುವುದು. ನಿಜವಾದ ವ್ಯಕ್ತಿಗೆ ವಯಸ್ಸಾಗುತ್ತದೆ, ಅಧಿಕಾರ ಹೋಗುತ್ತದೆ, ಚಿತ್ರದಿಂದ ಮಾಯವಾಗುತ್ತಾನೆ. ಶ್ರೀಸಾಮಾನ್ಯ ದಶಕಗಳ ಕಾಲ ಅದೇ ಕೋಟಿನಲ್ಲಿ ಮೂಲೆಯಲ್ಲಿ ನಿಂತೇ ಇದ್ದ, ತುಟಿ ಬಿಚ್ಚಲಿಲ್ಲ.

ಭಾರತದಲ್ಲಿ, ಮುಖಗಳೆಲ್ಲ ಖಚಿತವಾಗಿದ್ದೂ ಅರ್ಥದ ಬಗ್ಗೆ ದೊಡ್ಡ ಜಗಳವಾದ ಚಿತ್ರವೆಂದರೆ ಶಂಕರ್ ಅವರದು. ಸಂವಿಧಾನ ರಚನೆ ನಡೆಯುತ್ತಿದ್ದ 1949ರಲ್ಲಿ ಅವರು ಬರೆದದ್ದು ಒಂದು ಬಸವನಹುಳು. ಹುಳುವಿನ ಮೇಲೆ ‘ಸಂವಿಧಾನ’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಅದರ ಮೇಲೆ ಅಂಬೇಡ್ಕರ್ ಚಾವಟಿ ಹಿಡಿದು ಕೂತಿದ್ದಾರೆ. ಹಿಂದೆ ನೆಹರೂ, ಅವರ ಕೈಯಲ್ಲೂ ಚಾವಟಿ. ಸುತ್ತ ಜನ ನೋಡುತ್ತಿದ್ದಾರೆ. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪಠ್ಯದಲ್ಲಿ ಈ ಚಿತ್ರ ಸೇರಿತ್ತು. 2012ರ ಮೇ ತಿಂಗಳಲ್ಲಿ ಇದು ಸಂಸತ್ತಿನಲ್ಲಿ ಗದ್ದಲ ಎಬ್ಬಿಸಿತು, ಸರ್ಕಾರ ಚಿತ್ರವನ್ನು ತೆಗೆಯುವುದಾಗಿ ಒಪ್ಪಿತು.

ಇಲ್ಲಿ ಯಾರಿಗೂ ಗುರುತಿನ ಬಗ್ಗೆ ಅನುಮಾನವಿರಲಿಲ್ಲ. ಪ್ರಶ್ನೆ ಇದ್ದದ್ದು ಚಾವಟಿಯ ಬಗ್ಗೆ. ಇಬ್ಬರೂ ಹುಳುವನ್ನು ಓಡಿಸುತ್ತಿದ್ದಾರೆ, ಗೇಲಿ ಇರುವುದು ಕೆಲಸದ ನಿಧಾನದ ಬಗ್ಗೆ ಎಂದು ಒಂದು ಕಡೆಯವರು. ಮುಂದೆ ಅಂಬೇಡ್ಕರ್, ಹಿಂದೆ ಚಾವಟಿ ಎತ್ತಿದ ನೆಹರೂ ಇರುವಾಗ ಏಟು ಯಾರ ಬೆನ್ನಿಗೆ ಎಂದು ಇನ್ನೊಂದು ಕಡೆಯವರು. ಗೆರೆಗಳಷ್ಟನ್ನೇ ನೋಡಿದರೆ ಎರಡಕ್ಕೂ ಎಡೆ ಇದೆ. ಸಂವಿಧಾನ ತಡವಾಯಿತು ಎಂಬ 1949ರ ಗೊಣಗಾಟ ಆ ಪತ್ರಿಕೆಯ ಓದುಗರಿಗೆ ದಿನದ ಸುದ್ದಿಯಾಗಿತ್ತು. ಅರವತ್ತಕ್ಕೂ ಹೆಚ್ಚು ವರ್ಷದ ನಂತರ ನೋಡಿದವರಿಗೆ ಆ ಗೊಣಗಾಟ ಕಿವಿಗೆ ಬೀಳುತ್ತಿರಲಿಲ್ಲ, ಚಾವಟಿ ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಅದೂ ದಲಿತರ ಬೆನ್ನಿನ ಮೇಲೆ ಚಾವಟಿ ಆಡಿದ ಇತಿಹಾಸ ಗೊತ್ತಿರುವ ಕಣ್ಣಿಗೆ. ಚಿತ್ರದಲ್ಲಿರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ, ಅವರು ಅಲ್ಲಿ ಏನು ಮಾಡುತ್ತಿದ್ದಾರೆ ಎಂಬುದು ಬೇರೆಯೇ ಪ್ರಶ್ನೆಯಾಗಿ ಉಳಿಯುತ್ತದೆ. ವೀಗೊದ ಅಧಿಕಾರಿಗಳು ಮೊದಲನೆಯದಕ್ಕೆ ಉತ್ತರ ಸಿಕ್ಕೊಡನೆ ಎರಡನೆಯದೂ ಮುಗಿಯಿತು ಎಂದುಕೊಂಡವರು.

ಈಗ ಹೆಸರೇ ಇಲ್ಲದ ಚಿತ್ರವೊಂದನ್ನು ಹಂತಹಂತವಾಗಿ ಬಿಡಿಸಿ ನೋಡೋಣ. ಒಬ್ಬರು ‘ಹಾರ್ಪರ್ಸ್ ವೀಕ್ಲಿ’ಯ ಹಳೆಯ ಹಾಳೆಯೊಂದರಿಂದ ಕತ್ತರಿಸಿದ ಚಿತ್ರವನ್ನು ಹಿಡಿದಿದ್ದಾರೆ ಎನ್ನಿ. ಅಡಿಬರಹ ಕತ್ತರಿಗೆ ಸಿಕ್ಕಿ ಹೋಗಿದೆ. ಮೂಲೆಯಲ್ಲಿ ನಾಸ್ಟ್‌ನ ಸಹಿ ಇದೆ. ನಡುವೆ ನೀಳವಾದ ಮಾಸಲು ಬಿಳಿ ಕೋಟು, ಬಿಳಿ ಹ್ಯಾಟು ತೊಟ್ಟ ಮುದುಕ. ದುಂಡು ಕನ್ನಡಕ, ಮಗುವಿನಂಥ ದುಂಡು ಮುಖ. ಗಡ್ಡ ಗಲ್ಲದ ಮೇಲಿಲ್ಲ, ಕೆಳಗೆ ಕೊರಳ ಸುತ್ತ ಬಿಳಿ ಅಂಚಿನಂತೆ ಬೆಳೆದಿದೆ. ಕೋಟಿನ ಜೇಬಿನಿಂದ ಒಂದು ಕಾಗದದ ಕಟ್ಟು ಇಣುಕುತ್ತಿದೆ. ಕೋಟಿನ ಹಿಂಭಾಗದ ಬಾಲಕ್ಕೆ ಸಣ್ಣ ಚೀಟಿಯೊಂದು ನೇತಾಡುತ್ತಿದೆ.

ಮೊದಲು ಗಡ್ಡ. ಕೊರಳ ಕೆಳಗೆ ಬೆಳೆಸುವ ಗಡ್ಡ ಆ ಕಾಲದಲ್ಲಿ ಎಲ್ಲರಿಗೂ ಇರುವಂಥದಲ್ಲ, ಆದರೆ ಒಬ್ಬನಿಗೇ ಇದ್ದದ್ದೂ ಅಲ್ಲ. ಅದರ ಮೇಲಷ್ಟೇ ಹೆಸರು ಹೇಳಲಾಗದು. ಬಿಳಿ ಕೋಟು, ಬಿಳಿ ಹ್ಯಾಟು ಹಾಗಲ್ಲ. ಕಪ್ಪು ಕೋಟುಗಳ ಕಾಲದಲ್ಲಿ ಹಗಲೂ ರಾತ್ರಿ ಬಿಳಿ ಕೋಟಿನಲ್ಲಿ ಓಡಾಡಿ ಅದಕ್ಕೇ ಹೆಸರಾದವರು ಹೊರೇಸ್ ಗ್ರೀಲಿ, 1841ರಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯನ್ನು ಶುರುಮಾಡಿದ ಸಂಪಾದಕ. ಇದು ಊಹೆ. ಅದನ್ನು ಗಟ್ಟಿ ಮಾಡುವುದು ಜೇಬಿನ ಕಾಗದ. ಗ್ರೀಲಿ 1871ರಲ್ಲಿ ಬೇಸಾಯದ ಬಗ್ಗೆ ತಮಗೆ ತಿಳಿದಿರುವುದನ್ನು ಹೇಳುವ ಪುಸ್ತಕವೊಂದನ್ನು ಪ್ರಕಟಿಸಿದ್ದರು. ಎಲ್ಲದರ ಬಗ್ಗೆಯೂ ಅಭಿಪ್ರಾಯವಿರುವ ಸಂಪಾದಕ ಎಂದು ಗೇಲಿ ಮಾಡಲು ನಾಸ್ಟ್‌ಗೆ ಆ ಪುಸ್ತಕದ ಹೆಸರೇ ಸಾಕಾಯಿತು. ಇಂಥ ವಿಷಯದ ಬಗ್ಗೆ ನನಗೆ ಗೊತ್ತಿರುವುದು ಎಂಬ ಕಾಗದವನ್ನು ಅವರ ಜೇಬಿಗೆ ತುರುಕಿ, ವಿಷಯವನ್ನು ಮಾತ್ರ ಚಿತ್ರದಿಂದ ಚಿತ್ರಕ್ಕೆ ಬದಲಿಸುತ್ತ ಹೋದ. ಕೋಟು, ಗಡ್ಡ, ಕಾಗದ ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಇನ್ನು ಸಂಶಯ ಬೇಕಿಲ್ಲ. ಒಂದೇ ಸುಳಿವಿನ ಮೇಲೆ ಹೆಸರು ಬರೆದುಬಿಡುವುದು, ಅದರಲ್ಲೂ ಬರೀ ಗಡ್ಡ ಮೀಸೆಗಳ ಮೇಲೆ, ಹರಾಜಿನವರ ಪಟ್ಟಿಗಳಲ್ಲಿ ತಪ್ಪು ಹೆಸರುಗಳನ್ನು ಹುಟ್ಟಿಸುವ ಅಭ್ಯಾಸ.

ಕಾಲ ಯಾವುದು? ಗ್ರೀಲಿಯನ್ನು ನಾಸ್ಟ್ ವಾರಗಟ್ಟಲೆ ಹಿಡಿದು ಬಡಿದದ್ದು 1872ರಲ್ಲಿ. ಆ ವರ್ಷ ಅವರು ಅಧ್ಯಕ್ಷ ಗ್ರಾಂಟ್ ವಿರುದ್ಧ ಚುನಾವಣೆಗೆ ನಿಂತಿದ್ದರು. ನಾಸ್ಟ್ ಗ್ರಾಂಟ್ ಪರ. ಚುನಾವಣೆಯ ಕೆಲವೇ ದಿನ ಮುಂಚೆ ಗ್ರೀಲಿಯ ಹೆಂಡತಿ ತೀರಿಕೊಂಡರು. ನವೆಂಬರಿನಲ್ಲಿ ಅವರು ಸೋತರು, ಅದೇ ತಿಂಗಳ 29ರಂದು ತಾವೂ ತೀರಿಕೊಂಡರು. ಆ ಚಿತ್ರಗಳನ್ನು ಇವತ್ತು ನೋಡುವವರಿಗೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ.

ಉಳಿದದ್ದು ಕೋಟಿನ ಬಾಲದ ಚೀಟಿ. ಭೂತಗನ್ನಡಿ ಹಿಡಿದರೆ ಅದರ ಮೇಲೆ ಗ್ರಾಟ್ಸ್ ಬ್ರೌನ್ ಎಂಬ ಹೆಸರು ಕಾಣುತ್ತದೆ. ಅಲ್ಲಿಗೆ ಅವಸರದ ಓದುಗ ಇಡೀ ಚಿತ್ರಕ್ಕೆ ಬ್ರೌನ್ ಎಂದು ಹೆಸರಿಟ್ಟುಬಿಡಬಹುದು, ಏಕೆಂದರೆ ಮೈಮೇಲಿನ ಬರಹವನ್ನು ನಂಬಬೇಕು ಎಂದು ಈಗಷ್ಟೇ ಓದಿದ್ದಾನೆ. ಆದರೆ ಆ ಚೀಟಿ ಗ್ರೀಲಿಯ ಹೆಸರಲ್ಲ, ಅದು ಎರಡನೆಯ ವ್ಯಕ್ತಿ. ಮಿಸೌರಿಯ ಗವರ್ನರ್ ಬೆಂಜಮಿನ್ ಗ್ರಾಟ್ಸ್ ಬ್ರೌನ್ ಆ ಚುನಾವಣೆಯಲ್ಲಿ ಗ್ರೀಲಿಯ ಜೊತೆ ಉಪಾಧ್ಯಕ್ಷ ಪದವಿಗೆ ನಿಂತಿದ್ದವರು. ಮೊದಲ ಚಿತ್ರ ಬರೆಯಬೇಕಾದಾಗ ನಾಸ್ಟ್ ಬಳಿ ಅವರ ಭಾವಚಿತ್ರ ಇರಲಿಲ್ಲ, ಅಚ್ಚಿಗೆ ಹೋಗಲು ಹೊತ್ತೂ ಇರಲಿಲ್ಲ. ಮುಖ ಗೊತ್ತಿಲ್ಲದ ಮನುಷ್ಯನನ್ನು ಬರೆಯುವ ಬದಲು ಅವರ ಹೆಸರನ್ನೊಂದು ಚೀಟಿಯಲ್ಲಿ ಬರೆದು ಗ್ರೀಲಿಯ ಕೋಟಿಗೆ ಕಟ್ಟಿಬಿಟ್ಟ. ಓದುಗರು ಅದನ್ನೇ ದೊಡ್ಡ ತಮಾಷೆಯೆಂದು ಸವಿದರು. ಉಪಾಧ್ಯಕ್ಷ ಅಭ್ಯರ್ಥಿ ಎಂದರೆ ಯಜಮಾನನ ಹಿಂದೆ ನೇತಾಡುವ ಚೀಟಿ ತಾನೇ! ಆಮೇಲೆ ನಾಸ್ಟ್ ಬ್ರೌನರ ಮುಖ ಬರೆಯುವ ಗೋಜಿಗೇ ಹೋಗಲಿಲ್ಲ. ಚುನಾವಣೆ ಮುಗಿಯುವವರೆಗೂ ಗ್ರೀಲಿ ಹೋದಲ್ಲೆಲ್ಲ ಅವರು ಚೀಟಿಯಾಗಿಯೇ ಹಿಂದೆ ಹಾರಾಡಿದರು.